ಅಕ್ಷ ಸರಿದಾಗ ಘನಫಲ ಎಲ್ಲಿ ತಪ್ಪುತ್ತದೆ? ಡಿಸ್ಕ್, ವಾಷರ್, ಶೆಲ್ ಲೆಕ್ಕದ ದೋಷ ಹುಡುಕುವ ಬಗೆ

ಪ್ರದೇಶ ಒಂದೇ. ಅದನ್ನು y-ಅಕ್ಷದ ಸುತ್ತ ತಿರುಗಿಸಿದರೆ ಘನಫಲ ಸರಿಯಾಗಿ ಬರುತ್ತದೆ. ಅದನ್ನೇ x = 3 ಎಂಬ ಗೆರೆಯ ಸುತ್ತ ತಿರುಗಿಸಿ ಅಂದರೆ ಲೆಕ್ಕ ಕೈ ಕೊಡುತ್ತದೆ. ಇಂಟಿಗ್ರಲ್ ಬಿಡಿಸಿದ ಸಾಲುಗಳನ್ನು ಹತ್ತು ಸಲ ನೋಡಿದರೂ ತಪ್ಪು ಸಿಗುವುದಿಲ್ಲ. ಅಲ್ಲಿ ಎಲ್ಲ ಸರಿಯಾಗೇ ಇರುತ್ತದೆ.

ಇಂಥ ಲೆಕ್ಕಗಳನ್ನು ನಾನು ವರ್ಷಗಟ್ಟಲೆ ತಿದ್ದಿದ್ದೇನೆ. ತಪ್ಪು ಹೆಚ್ಚಾಗಿ ಇಂಟಿಗ್ರಲ್ ಬರೆಯುವ ಮೊದಲೇ ಆಗಿಹೋಗಿರುತ್ತದೆ. ಅಕ್ಷದಿಂದ ಗೆರೆಗೆ ಎಷ್ಟು ದೂರ ಅನ್ನುವ ಒಂದು ಪ್ರಶ್ನೆಯಲ್ಲಿ ಕೈ ಜಾರಿರುತ್ತದೆ. ಆದರೆ ಒಂದು ಅನುಕೂಲ ಇದೆ. ಒಂದೊಂದು ಬಗೆಯ ತಪ್ಪಿಗೂ ಅದರದ್ದೇ ಆದ ಗುರುತು ಉತ್ತರದಲ್ಲಿ ಉಳಿದಿರುತ್ತದೆ. ಆ ಗುರುತು ಓದಲು ಬಂದರೆ ಮೊದಲಿನಿಂದ ಮತ್ತೆ ಲೆಕ್ಕ ಮಾಡಬೇಕಾಗಿಲ್ಲ. ಯಾವ ಸಾಲಿಗೆ ಹೋಗಿ ನೋಡಬೇಕು ಅಂತ ನೇರವಾಗಿ ಗೊತ್ತಾಗುತ್ತದೆ.

## ಮೊದಲು ಸರಿಯಾದ ಲೆಕ್ಕ ಹೇಗಿರುತ್ತದೆ ನೋಡೋಣ

ಕೊನೆಯವರೆಗೂ ಹೆಚ್ಚಾಗಿ ಒಂದೇ ಪ್ರದೇಶವನ್ನು ಇಟ್ಟುಕೊಳ್ಳುತ್ತೇನೆ. y = x² ಎಂಬ ಪರವಲಯ, y = 2x ಎಂಬ ಸರಳರೇಖೆ. ಇವೆರಡೂ (0, 0) ಮತ್ತು (2, 4) ರಲ್ಲಿ ಸೇರುತ್ತವೆ. ನಡುವೆ ಸಿಕ್ಕಿಕೊಂಡ ತೆಳ್ಳನೆಯ ಎಲೆಯಂಥ ಜಾಗವೇ ನಮ್ಮ ಪ್ರದೇಶ. ಸರಳರೇಖೆ ಮೇಲಿದೆ, ಪರವಲಯ ಕೆಳಗಿದೆ. ಪಕ್ಕದಿಂದ ನೋಡಿದರೆ ಸರಳರೇಖೆ ಎಡಕ್ಕಿದೆ, ಪರವಲಯ ಬಲಕ್ಕಿದೆ. ಈ ಎರಡನೇ ಮಾತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಅಕ್ಷ x = 3. ಅದು ಪ್ರದೇಶದ ಬಲಕ್ಕೆ ಲಂಬವಾಗಿ ನಿಂತಿದೆ.

ಶೆಲ್ ವಿಧಾನದಲ್ಲಿ ಪಟ್ಟಿಯನ್ನು ಅಕ್ಷಕ್ಕೆ ಸಮಾಂತರವಾಗಿ, ಅಂದರೆ ನೆಟ್ಟಗೆ ಕತ್ತರಿಸುತ್ತೇವೆ. x ನಲ್ಲಿರುವ ಪಟ್ಟಿಯ ಎತ್ತರ 2x − x². ಅಕ್ಷದಿಂದ ಅದರ ದೂರ 3 − x. ಆ ಪಟ್ಟಿ ತಿರುಗಿದಾಗ ಒಂದು ತೆಳು ಕೊಳವೆ ಆಗುತ್ತದೆ. ಕೊಳವೆಗಳನ್ನೆಲ್ಲ ಕೂಡಿಸಿದರೆ:

```
V = 2π ∫₀² (3 − x)(2x − x²) dx
  = 2π ∫₀² (6x − 5x² + x³) dx
  = 2π (12 − 40/3 + 4) = 16π/3
```

ವಾಷರ್ ವಿಧಾನದಲ್ಲಿ ಪಟ್ಟಿ ಅಕ್ಷಕ್ಕೆ ಅಡ್ಡವಾಗಿರುತ್ತದೆ. ಈಗ y ಹಿಡಿದು ನಡೆಯಬೇಕು, 0 ಯಿಂದ 4 ರವರೆಗೆ. ಪಟ್ಟಿಯ ಎಡ ತುದಿ x = y/2, ಬಲ ತುದಿ x = √y. ಅಕ್ಷ ಬಲಗಡೆ ಇರುವುದರಿಂದ ಎಡ ತುದಿಯೇ ಅಕ್ಷದಿಂದ ದೂರ. ಹಾಗಾಗಿ ಹೊರ ತ್ರಿಜ್ಯ 3 − y/2, ಒಳ ತ್ರಿಜ್ಯ 3 − √y.

```
V = π ∫₀⁴ [(3 − y/2)² − (3 − √y)²] dy
  = π ∫₀⁴ (y²/4 − 4y + 6√y) dy
  = π (16/3 − 32 + 32) = 16π/3
```

ಎರಡೂ ಒಂದೇ ಬಂತು. ಎರಡು ವಿಧಾನದಲ್ಲೂ ಮಾಡಿ ನೋಡುವುದು ತುಂಬಾ ಒಳ್ಳೆಯ ಪರೀಕ್ಷೆ. ಎರಡರಲ್ಲೂ ಪಟ್ಟಿ ಬೇರೆ, ಮಿತಿ ಬೇರೆ. ಹಾಗಾಗಿ ಒಂದೇ ತಪ್ಪು ಎರಡು ಕಡೆಯೂ ಒಂದೇ ಸಂಖ್ಯೆ ಕೊಡುವುದು ಅಪರೂಪ. ಅಪರೂಪ ಅಂದೆ, ಆಗುವುದೇ ಇಲ್ಲ ಅನ್ನಲಿಲ್ಲ. ಅಕ್ಷವನ್ನೇ ಎಡಗಡೆ ಅಂದುಕೊಂಡುಬಿಟ್ಟರೆ ಎರಡೂ ಒಟ್ಟಿಗೆ ತಪ್ಪುತ್ತವೆ.

ಇನ್ನು ಗುರುತುಗಳಿಗೆ ಬರೋಣ.

## ಉತ್ತರಕ್ಕೆ ಮೈನಸ್ ಬಂದಿದೆ

ಒಂದು ಸಲ ಒಬ್ಬ ಹುಡುಗಿ ನೋಟ್‌ಬುಕ್ ತೆರೆದು ಮುಂದಿಟ್ಟಳು. ಇದೇ ಲೆಕ್ಕ. ಎಡ ಪುಟದಲ್ಲಿ ಶೆಲ್, 16π/3. ಬಲ ಪುಟದಲ್ಲಿ ವಾಷರ್, −16π/3. ಮೈನಸ್ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸುತ್ತು ಎಳೆದಿದ್ದಳು.

"ಸರ್, ಘನಫಲ ಮೈನಸ್ ಇರಲ್ಲ ಅಲ್ವಾ? ಇದನ್ನ ತೆಗೆದುಬಿಟ್ಟರೆ ಆಯ್ತಲ್ಲ?"

"ತೆಗೆಯೋ ಮುಂಚೆ ಅದು ಯಾಕೆ ಬಂತು ಅಂತ ಹೇಳಮ್ಮ."

ಅವಳು ಬರೆದ ಸಾಲು ಹೀಗಿತ್ತು: (3 − √y)² − (3 − y/2)². ಕಾರಣ ಕೇಳಿದೆ. "√y ದೊಡ್ಡದು ಸರ್, ಅದಕ್ಕೇ ಅದು ಹೊರಗಿನದು" ಅಂದಳು. y-ಅಕ್ಷದ ಸುತ್ತ ತಿರುಗಿಸುವಾಗ ಅದು ನಿಜ. ಅಲ್ಲಿ x ಬೆಲೆ ದೊಡ್ಡದಿದ್ದರೆ ಅಕ್ಷದಿಂದ ದೂರವೂ ದೊಡ್ಡದೇ. ಆದರೆ ಅಕ್ಷ ಬಲಕ್ಕೆ ಹೋದಾಗ ಈ ಸಂಬಂಧ ತಿರುಗಿಬೀಳುತ್ತದೆ. x ದೊಡ್ಡದಾದಷ್ಟೂ ಅಕ್ಷಕ್ಕೆ ಹತ್ತಿರ ಆಗುತ್ತೇವೆ. ಅವಳ ಕೈಯಲ್ಲೇ ಒಂದು ಬೆಲೆ ಹಾಕಿಸಿದೆ. y = 1 ರಲ್ಲಿ ಎಡ ತುದಿ 0.5, ಬಲ ತುದಿ 1. ಅಕ್ಷದಿಂದ ಎಡ ತುದಿಗೆ 2.5, ಬಲ ತುದಿಗೆ 2. ಯಾವುದು ಹೊರಗಿನದು ಅಂತ ಮತ್ತೆ ಕೇಳಬೇಕಾಗಲಿಲ್ಲ.

ಈ ಒಂದು ಬೆಲೆ ಹಾಕಿ ನೋಡುವ ಅಭ್ಯಾಸ ತುಂಬಾ ಉಪಯೋಗದ್ದು. ಮಿತಿಗಳ ಒಳಗಿನ ಯಾವುದಾದರೂ ಸುಲಭ ಸಂಖ್ಯೆ ತೆಗೆದುಕೊಳ್ಳಿ. ಎರಡು ತುದಿಗಳಿಗೂ ಅಕ್ಷದಿಂದ ದೂರ ಅಳೆಯಿರಿ. ಎರಡೂ ಪ್ಲಸ್ ಇರಬೇಕು. ದೊಡ್ಡದು ಹೊರಗಿನದು. ಮೇಲಿನ ಗೆರೆ, ಕೆಳಗಿನ ಗೆರೆ, ಎಡ, ಬಲ ಅನ್ನುವ ಹೆಸರುಗಳನ್ನು ನಂಬಿ ಹೊರ ತ್ರಿಜ್ಯ ಆರಿಸಬೇಡಿ.

ಅಡ್ಡ ಅಕ್ಷದಲ್ಲೂ ಇದೇ ಕಥೆ. ನಮ್ಮ ಪ್ರದೇಶವನ್ನು y = −1 ರ ಸುತ್ತ ತಿರುಗಿಸಿದರೆ ಅಕ್ಷ ಕೆಳಗಿದೆ. ಮೇಲಿನ ಗೆರೆ ದೂರದ್ದು. ಹೊರ ತ್ರಿಜ್ಯ 2x + 1, ಒಳ ತ್ರಿಜ್ಯ x² + 1, ಉತ್ತರ 104π/15. ಅದೇ y = 5 ರ ಸುತ್ತ ಆದರೆ ಅಕ್ಷ ಮೇಲಿದೆ. ಈಗ ಕೆಳಗಿನ ಪರವಲಯವೇ ದೂರದ್ದು. ಹೊರ ತ್ರಿಜ್ಯ 5 − x², ಒಳ ತ್ರಿಜ್ಯ 5 − 2x, ಉತ್ತರ 136π/15.

ಶೆಲ್ ವಿಧಾನದಲ್ಲಿ ಮೈನಸ್ ಬಂದರೆ ಕಾರಣ ಇನ್ನೂ ಸರಳ. 3 − x ಬದಲು x − 3 ಬರೆದಿರುತ್ತೀರಿ. ಅಕ್ಷ ಬಲಗಡೆ ಇದ್ದರೆ ಅಕ್ಷದಿಂದ x ಕಳೆಯಬೇಕು. ಅಕ್ಷ ಎಡಗಡೆ ಇದ್ದರೆ x ನಿಂದ ಅಕ್ಷ ಕಳೆಯಬೇಕು. x = −1 ಆದರೆ x − (−1), ಅಂದರೆ x + 1. ಇಲ್ಲಿ ಎರಡು ಮೈನಸ್ ಸೇರಿ ಪ್ಲಸ್ ಆಗುವುದನ್ನು ಬಿಟ್ಟು x − 1 ಬರೆಯುವವರು ಬಹಳ ಜನ.

ಹಾಗಾದರೆ ಅವಳು ಕೇಳಿದ್ದಕ್ಕೆ ಉತ್ತರ ಏನು? ಆ ಲೆಕ್ಕದಲ್ಲಿ ಮೈನಸ್ ತೆಗೆದರೆ ಸರಿಯಾದ ಸಂಖ್ಯೆಯೇ ಸಿಗುತ್ತಿತ್ತು. ಆದರೆ ಮೈನಸ್ ಯಾವಾಗಲೂ ಬರೀ ಅದಲುಬದಲಿನಿಂದಲೇ ಬರುವುದಿಲ್ಲ. ಅಕ್ಷ ಪ್ರದೇಶದ ಒಳಗೇ ಹಾದುಹೋದಾಗಲೂ ಬರುತ್ತದೆ. ಆಗ ಮೈನಸ್ ಅಳಿಸಿದರೆ ಸಿಗುವುದು ಇನ್ನೊಂದು ತಪ್ಪು ಉತ್ತರ. ಅದನ್ನು ಕೊನೆಯಲ್ಲಿ ನೋಡೋಣ.

## ಅಕ್ಷ ಸರಿಸಿದರೂ ಉತ್ತರ ಅಲ್ಲಾಡುತ್ತಿಲ್ಲ

ಈ ಗುರುತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಕ್ಷ ದೂರ ಹೋದರೆ ಪ್ರದೇಶ ದೊಡ್ಡ ಸುತ್ತು ಹೊಡೆಯಬೇಕು. ಘನಫಲ ಹೆಚ್ಚಾಗಲೇಬೇಕು. x = 3 ಕ್ಕೂ x = 10 ಕ್ಕೂ ಒಂದೇ ಉತ್ತರ ಬಂದರೆ ಅಕ್ಷದ ಸಂಖ್ಯೆ ಲೆಕ್ಕದ ಮಧ್ಯೆ ಎಲ್ಲೋ ಬಿದ್ದುಹೋಗಿದೆ ಅಂತ ಅರ್ಥ. ಅದು ಬೀಳುವ ಜಾಗ ಎರಡು.

ಮೊದಲನೆಯದು, ಎರಡು ತ್ರಿಜ್ಯಗಳನ್ನು ಕಳೆದು ಆಮೇಲೆ ವರ್ಗ ಮಾಡುವುದು. (R − r)² ಬರೆದರೆ (3 − y/2) − (3 − √y) ಅನ್ನುವಲ್ಲಿ 3 ಮತ್ತು 3 ಹೊಡೆದುಹೋಗುತ್ತವೆ. ಉಳಿಯುವುದು √y − y/2, ಅಂದರೆ ಪಟ್ಟಿಯ ಉದ್ದ ಮಾತ್ರ.

```
π ∫₀⁴ (√y − y/2)² dy = π (8 − 64/5 + 16/3) = 8π/15
```

ಸರಿಯಾದ ಉತ್ತರ 16π/3, ಅಂದರೆ 80π/15. ಬಂದದ್ದು ಅದರ ಹತ್ತನೇ ಒಂದು ಪಾಲು. ಅಕ್ಷ ಎಲ್ಲಿಟ್ಟರೂ ಇಷ್ಟೇ ಬರುತ್ತದೆ. ಉತ್ತರ ಹೀಗೆ ತೀರಾ ಚಿಕ್ಕದಾಗಿ ಕಂಡರೆ ವರ್ಗದ ಆವರಣ ಎಲ್ಲಿ ಮುಚ್ಚಿದೆ ಅಂತ ಮೊದಲು ನೋಡಿ. ವಾಷರ್ ಅಂದರೆ ದೊಡ್ಡ ವೃತ್ತದಿಂದ ಚಿಕ್ಕ ವೃತ್ತ ಕತ್ತರಿಸಿ ತೆಗೆದ ಬಳೆ. ಅದರ ವಿಸ್ತೀರ್ಣ πR² − πr². ಎರಡು ವೃತ್ತಗಳ ವಿಸ್ತೀರ್ಣ ಬೇರೆ ಬೇರೆ ತೆಗೆದು ಆಮೇಲೆ ಕಳೆಯಬೇಕು.

ಎರಡನೆಯದು ಇದರ ಉಲ್ಟಾ. ಮೊದಲು ವರ್ಗ ಮಾಡಿ ಆಮೇಲೆ ಅಕ್ಷ ಕಳೆಯುವುದು. (3 − y/2)² ಬರೆಯಬೇಕಾದಲ್ಲಿ 3² − (y/2)² ಬರೆಯುತ್ತಾರೆ. ಇನ್ನೊಂದು ಕಡೆಯೂ 3² − (√y)². ಕಳೆದಾಗ 9 ಮತ್ತು 9 ಹೊಡೆದುಹೋಗುತ್ತವೆ. ಉಳಿಯುವ y − y²/4 ಕ್ಕೆ ಉತ್ತರ 8π/3. ಇದು y-ಅಕ್ಷದ ಸುತ್ತ ತಿರುಗಿಸಿದಾಗ ಬರುವ ಉತ್ತರವೇ. ಅಕ್ಷವನ್ನು ಸರಿಸಲೇ ಇಲ್ಲ ಅನ್ನುವ ಹಾಗೆ. ನಿಮ್ಮ ಉತ್ತರ y-ಅಕ್ಷದ ಉತ್ತರಕ್ಕೆ ಸಮ ಬಂದರೆ ಎರಡೇ ಸಾಧ್ಯತೆ. ಸುಮ್ನೆ ಮರೆತು ತ್ರಿಜ್ಯಕ್ಕೆ x ಅನ್ನೇ ಬರೆದಿದ್ದೀರಿ, ಇಲ್ಲವೇ ವರ್ಗ ಮಾಡಿದ ಮೇಲೆ ಕಳೆದಿದ್ದೀರಿ.

ಇಲ್ಲಿ ಒಂದು ನಿಜವಾದ ಗೊಂದಲ ಇದೆ, ಅದನ್ನು ಬಿಡಿಸಿಯೇ ಮುಂದೆ ಹೋಗಬೇಕು. ಡಿಸ್ಕ್ ಲೆಕ್ಕದಲ್ಲಿ ಕಳೆದು ವರ್ಗ ಮಾಡುವುದೇ ಸರಿ. ವಾಷರ್‌ನಲ್ಲಿ ಅದೇ ತಪ್ಪು. ಯಾಕೆ ಹೀಗೆ? ಒಂದು ಬೇರೆ ಪ್ರದೇಶ ತೆಗೆದುಕೊಳ್ಳಿ: y = x², y = 4 ಮತ್ತು x = 0 ಇವುಗಳ ನಡುವಿನದು, x ಬೆಲೆ 0 ಯಿಂದ 2. ಅದನ್ನು y = 4 ರ ಸುತ್ತ ತಿರುಗಿಸಿ. ಪ್ರದೇಶದ ಮೇಲಿನ ಅಂಚೇ ಅಕ್ಷ. ನಡುವೆ ಖಾಲಿ ಇಲ್ಲ, ಹಾಗಾಗಿ ತೂತಿಲ್ಲದ ಡಿಸ್ಕ್. ತ್ರಿಜ್ಯ ಅಂದರೆ ಅಕ್ಷದಿಂದ ಪರವಲಯಕ್ಕೆ ದೂರ, 4 − x².

```
V = π ∫₀² (4 − x²)² dx = π (32 − 64/3 + 32/5) = 256π/15
```

ಶೆಲ್‌ನಲ್ಲಿ ಪರೀಕ್ಷಿಸಿದರೆ 2π ∫₀⁴ (4 − y)√y dy, ಅದೂ 256π/15. ಸರಿಯಾಗಿದೆ. ಆದರೆ ವಾಷರ್ ಸೂತ್ರದ ನೆನಪಿನಲ್ಲಿ 4² − (x²)² ಬರೆದವರಿಗೆ 128π/5 ಬರುತ್ತದೆ. ಅದು ಇದೇ ಪ್ರದೇಶವನ್ನು x-ಅಕ್ಷದ ಸುತ್ತ ತಿರುಗಿಸಿದ ಘನಫಲ. ಸಂಖ್ಯೆ ಸುಳ್ಳಲ್ಲ, ಬೇರೆ ಪ್ರಶ್ನೆಗೆ ಉತ್ತರ.

ಈ ಎರಡಕ್ಕೂ ಒಂದೇ ನಿಯಮ ಸಾಕು. ಆವರಣದ ಒಳಗಿನ ಕಳೆಯುವಿಕೆ ಅಕ್ಷ ಮತ್ತು ಒಂದು ಗೆರೆಯ ನಡುವೆ ಇರಬೇಕು. ಅದು ದೂರ, ಅದಕ್ಕೆ ವರ್ಗ ಹಾಕಬಹುದು. ಆವರಣದ ಹೊರಗಿನ ಕಳೆಯುವಿಕೆ ಎರಡು ವೃತ್ತಗಳ ನಡುವೆ ಇರಬೇಕು. 4 − x² ನಲ್ಲಿ 4 ಅಂದರೆ ಅಕ್ಷ, ಅದಕ್ಕೇ ಒಟ್ಟಿಗೆ ವರ್ಗ. √y − y/2 ನಲ್ಲಿ ಎರಡೂ ಗೆರೆಗಳೇ, ಅಕ್ಷ ಇಲ್ಲವೇ ಇಲ್ಲ. ಅದು ಪಟ್ಟಿಯ ಉದ್ದ. ಉದ್ದಕ್ಕೆ ವರ್ಗ ಹಾಕಿದರೆ ಬಳೆಯ ವಿಸ್ತೀರ್ಣ ಆಗುವುದಿಲ್ಲ. ಶೆಲ್‌ನಲ್ಲಿ ಮಾತ್ರ ಉದ್ದ ನೇರವಾಗಿ ಬರುತ್ತದೆ, ಅಲ್ಲಿ ವರ್ಗವೇ ಇಲ್ಲ. ಶೆಲ್‌ನ ಎತ್ತರದಲ್ಲಿ ಅಕ್ಷದ ಸಂಖ್ಯೆ ಕಾಣಿಸಿಕೊಂಡರೆ ಅದೂ ತಪ್ಪೇ. ಅಕ್ಷ ಸರಿದಾಗ ಪಟ್ಟಿಯ ಎತ್ತರ ಬದಲಾಗುವುದಿಲ್ಲ, ಅದು ಸುತ್ತುವ ದಾರಿ ಮಾತ್ರ ಬದಲಾಗುತ್ತದೆ.

## ಉತ್ತರ ತೀರಾ ದೊಡ್ಡದು

16π/3 ಬರಬೇಕಾದಲ್ಲಿ 52π/3 ಬಂದರೆ ತೂತು ಮುಚ್ಚಿಹೋಗಿದೆ. π ∫₀⁴ (3 − y/2)² dy ಅಷ್ಟನ್ನೇ ಬರೆದು ನಿಲ್ಲಿಸಿದ್ದೀರಿ. ಅಂದರೆ ವಾಷರ್ ಲೆಕ್ಕವನ್ನು ಡಿಸ್ಕ್ ಮಾಡಿದ್ದೀರಿ. ತೂತಿನ ಪಾಲು π ∫₀⁴ (3 − √y)² dy, ಅದು 12π. ಕಳೆದರೆ 52π/3 − 36π/3, ಸರಿಯಾಗಿ 16π/3. ಡಿಸ್ಕ್ ಬೇಕಾ ವಾಷರ್ ಬೇಕಾ ಅನ್ನುವುದನ್ನು ಚಿತ್ರ ನೋಡಿ ನಿರ್ಧರಿಸಬಹುದು. ಅಡ್ಡ ಪಟ್ಟಿಯ ಒಂದು ತುದಿ ಅಕ್ಷವನ್ನು ಮುಟ್ಟಿದರೆ ಡಿಸ್ಕ್. ಮುಟ್ಟದೇ ನಡುವೆ ಜಾಗ ಬಿಟ್ಟರೆ ವಾಷರ್. y-ಅಕ್ಷಕ್ಕೆ ಅಂಟಿಕೊಂಡಿದ್ದ ಪ್ರದೇಶವೂ ಅಕ್ಷ ಸರಿದ ಕೂಡಲೇ ಅಕ್ಷದಿಂದ ದೂರ ಆಗುತ್ತದೆ. ಅದಕ್ಕೇ ಸರಿದ ಅಕ್ಷದ ಲೆಕ್ಕಗಳಲ್ಲಿ ವಾಷರ್ ಜಾಸ್ತಿ.

32π/3 ಬಂದರೆ, ಅಂದರೆ ಸರಿಯಾದದ್ದರ ಎರಡರಷ್ಟು ಬಂದರೆ, ತ್ರಿಜ್ಯಕ್ಕೆ x + 3 ಬರೆದಿದ್ದೀರಿ. ಅದು x = −3 ರ ಸುತ್ತ ತಿರುಗಿಸಿದ ಉತ್ತರ. ಇಲ್ಲಿ ಸರಿಯಾಗಿ ಎರಡರಷ್ಟು ಆಗಿದ್ದು ಈ ಪ್ರದೇಶದ ಮಟ್ಟಿಗೆ ಮಾತ್ರ, ಎಲ್ಲ ಲೆಕ್ಕದಲ್ಲೂ ಹಾಗೇ ಆಗುತ್ತದೆ ಅಂದುಕೊಳ್ಳಬೇಡಿ.

## ಉತ್ತರದಲ್ಲಿ √2 ಎಲ್ಲಿಂದ ಬಂತು?

ಮಿತಿ ತಪ್ಪಿದಾಗ ಉತ್ತರದ ಆಕಾರವೇ ಕೆಡುತ್ತದೆ. ವಾಷರ್ ಲೆಕ್ಕದಲ್ಲಿ dy ಇಟ್ಟುಕೊಂಡು ಮಿತಿ ಮಾತ್ರ 0 ಯಿಂದ 2 ಬರೆದರೆ π(8√2 − 22/3) ಬರುತ್ತದೆ, ಸುಮಾರು 3.98π. y ಹಿಡಿದು ನಡೆಯುವಾಗ ಗೆರೆಗಳು ಸೇರುವುದು y = 4 ರಲ್ಲಿ. ಅಲ್ಲಿ √4 ಅಂದರೆ 2, ಮೂಲ ಚಿಹ್ನೆ ಮಾಯವಾಗುತ್ತದೆ. ಶೆಲ್‌ನಲ್ಲಿ ಬರೀ ಭಿನ್ನರಾಶಿ ಬಂದು ವಾಷರ್‌ನಲ್ಲಿ ಮೂಲ ಚಿಹ್ನೆ ಉಳಿದರೆ ಮಿತಿಯನ್ನು ಅನುಮಾನಿಸಿ. ಅಕ್ಷ ಸರಿಯಿತು ಅಂತ ಮಿತಿ ಸರಿಸುವವರೂ ಇದ್ದಾರೆ. ಮಿತಿ ಪ್ರದೇಶಕ್ಕೆ ಸೇರಿದ್ದು, ಅಕ್ಷ 3 ಇರಲಿ 30 ಇರಲಿ ಅದು ಬದಲಾಗುವುದಿಲ್ಲ.

## ಎಲ್ಲಕ್ಕೂ ಒಂದೇ ಪರೀಕ್ಷೆ: 3 ರ ಜಾಗದಲ್ಲಿ k

ಗುರುತು ಯಾವುದೂ ಹೊಂದುತ್ತಿಲ್ಲ ಅಂದರೆ ನಾನು ಮಾಡುವುದು ಇದು. ಅಕ್ಷದ ಸಂಖ್ಯೆ ತೆಗೆದು k ಅಂತ ಬರೆಯುತ್ತೇನೆ. ಆಮೇಲೆ ನನ್ನ ಇಂಟಿಗ್ರಲ್‌ನ ಒಳಗಿನದನ್ನು ಬಿಡಿಸುತ್ತೇನೆ.

```
(k − y/2)² − (k − √y)² = 2k(√y − y/2) + y²/4 − y
```

ಇಲ್ಲಿ ಎರಡು ವಿಷಯ ನೋಡಬೇಕು. k² ಪೂರ್ತಿ ಹೊಡೆದುಹೋಗಿರಬೇಕು. k ಮಾತ್ರ ಉಳಿದಿರಬೇಕು, ಅದರ ಪಕ್ಕದಲ್ಲಿ ಪಟ್ಟಿಯ ಉದ್ದ ಇರಬೇಕು. ಉದ್ದವನ್ನು ಇಂಟಿಗ್ರೇಟ್ ಮಾಡಿದರೆ ಪ್ರದೇಶದ ವಿಸ್ತೀರ್ಣ A. ನಮ್ಮ ಪ್ರದೇಶಕ್ಕೆ A = 4 − 8/3 = 4/3. ಹಾಗಾಗಿ k ಗೆ ಅಂಟಿದ ಗುಣಕ 2πA, ಅಂದರೆ 8π/3 ಬರಬೇಕು. ಪೂರ್ತಿ ಬಿಡಿಸಿದರೆ:

```
V(k) = (8π/3)(k − 1)
```

k = 3 ಹಾಕಿ, 16π/3. ಅಕ್ಷ ಒಂದು ಮಾನ ದೂರ ಹೋದಾಗಲೆಲ್ಲ ಘನಫಲ ಸರಿಯಾಗಿ 8π/3 ಹೆಚ್ಚುತ್ತದೆ.

ಈಗ ಹಿಂದಿನ ತಪ್ಪುಗಳನ್ನು ಇದರ ಮುಂದೆ ಹಿಡಿದು ನೋಡಿ. (R − r)² ಬರೆದಿದ್ದರೆ k ಒಂದೂ ಉಳಿಯುವುದಿಲ್ಲ. ವರ್ಗದ ಮೇಲೆ ಕಳೆದಿದ್ದರೂ ಉಳಿಯುವುದಿಲ್ಲ. ತೂತು ಮರೆತಿದ್ದರೆ k² ಹಾಗೇ ಉಳಿದುಬಿಡುತ್ತದೆ. ಒಂದು ತ್ರಿಜ್ಯದಲ್ಲಿ ಮಾತ್ರ ಅಕ್ಷ ಸರಿಸಿ ಇನ್ನೊಂದನ್ನು √y ಅಂತಲೇ ಬಿಟ್ಟಿದ್ದರೂ k² ಉಳಿಯುತ್ತದೆ. ಆ ತಪ್ಪಿನ ಉತ್ತರ ಇಲ್ಲಿ 28π/3. ಮಿತಿ ತಪ್ಪಿದ್ದರೆ k ಯ ಗುಣಕ 2πA ಗೆ ಹೊಂದುವುದಿಲ್ಲ. ಹೊರ ಒಳ ಅದಲುಬದಲಾಗಿದ್ದರೆ ಗುಣಕವೇ ಮೈನಸ್ ಆಗಿರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ. ಅಕ್ಷ ಎಡಗಡೆ ಇದ್ದಾಗ k ಕಡಿಮೆಯಾದಷ್ಟೂ ದೂರ ಹೆಚ್ಚು, ಅಲ್ಲಿ ಸರಿಯಾದ ಗುಣಕವೇ −2πA. ಡಿಸ್ಕ್ ಲೆಕ್ಕಕ್ಕೆ ಈ ಪರೀಕ್ಷೆ ಹಾಗೇ ಒಗ್ಗುವುದಿಲ್ಲ. ಅಲ್ಲಿ ಪ್ರದೇಶದ ಅಂಚೇ ಅಕ್ಷ, ಅಕ್ಷ ಕದಲಿದರೆ ಡಿಸ್ಕ್ ಹೋಗಿ ವಾಷರ್ ಆಗುತ್ತದೆ.

ಈ k − 1 ರಲ್ಲಿನ 1 ಎಲ್ಲಿಂದ ಬಂತು? ಅದು ಪ್ರದೇಶದ ಸೆಂಟ್ರಾಯ್ಡ್‌ನ, ಅಂದರೆ ಪ್ರದೇಶದ ಸರಾಸರಿ ನಡುಬಿಂದುವಿನ, x ಬೆಲೆ. 4ನೇ ಶತಮಾನದಲ್ಲಿದ್ದ ಅಲೆಕ್ಸಾಂಡ್ರಿಯಾದ ಪಾಪಸ್ ಹೆಸರಿನ ಪ್ರಮೇಯ ಹೇಳುವುದೂ ಇದನ್ನೇ. ಘನಫಲ ಅಂದರೆ ವಿಸ್ತೀರ್ಣವನ್ನು ಸೆಂಟ್ರಾಯ್ಡ್ ಸುತ್ತುವ ದಾರಿಯ ಉದ್ದದಿಂದ ಗುಣಿಸಿದ್ದು. ನಮ್ಮ ಸೆಂಟ್ರಾಯ್ಡ್ (1, 8/5). x = 3 ರಿಂದ ಅದಕ್ಕೆ ದೂರ 2. ದಾರಿ 4π, ವಿಸ್ತೀರ್ಣ 4/3, ಗುಣಿಸಿದರೆ 16π/3. y = 5 ರಿಂದ ದೂರ 17/5, ಆಗ 2π · 17/5 · 4/3 = 136π/15. ಮೇಲೆ ವಾಷರ್‌ನಲ್ಲಿ ಬಂದದ್ದೂ ಅಷ್ಟೇ. x = −1 ರಿಂದಲೂ ದೂರ 2 ಇರುವುದರಿಂದ ಅಲ್ಲೂ 16π/3 ಬರುತ್ತದೆ. ನಾನು ಶುರುವಿನಲ್ಲಿ ಎರಡೂ ವಿಧಾನ ಒಟ್ಟಿಗೆ ತಪ್ಪಬಹುದು ಅಂದದ್ದು ಇಂಥ ಕಡೆ ಇನ್ನೂ ಕಷ್ಟ ಕೊಡುತ್ತದೆ. ಅಕ್ಷವನ್ನು x = −1 ರಲ್ಲಿಟ್ಟು ಮಾಡಿದವರಿಗೂ ಉತ್ತರ 'ಸರಿ' ಬಂದುಬಿಡುತ್ತದೆ. ತಪ್ಪು ಮುಂದಿನ ಲೆಕ್ಕದವರೆಗೂ ಅಡಗಿ ಕೂತಿರುತ್ತದೆ.

## ಅಕ್ಷ ಪ್ರದೇಶದ ಒಳಗೇ ಹಾದುಹೋದರೆ

ಈಗ V(k) ಸೂತ್ರದಲ್ಲಿ k = 1 ಹಾಕಿ. ಉತ್ತರ ಸೊನ್ನೆ. ಎಲೆಯಂಥ ಪ್ರದೇಶ ತನ್ನದೇ ನಡುವಿನ ಗೆರೆಯ ಸುತ್ತ ಒಂದು ಸುತ್ತು ತಿರುಗಿದರೂ ಘನಫಲ ಸೊನ್ನೆ ಅಂದರೆ ನಂಬುವ ಹಾಗಿಲ್ಲ, ಅಲ್ವಾ? ಆಗಿದ್ದೇನೆಂದರೆ, ಅಕ್ಷದ ಎಡಗಡೆ 1 − x ಪ್ಲಸ್, ಬಲಗಡೆ ಮೈನಸ್. ಎರಡು ಕಡೆಯ ಪಾಲು ಒಂದನ್ನೊಂದು ಹೊಡೆದುಹಾಕಿವೆ. ಈ ಸೂತ್ರ ನಡೆಯುವುದು ಇಡೀ ಪ್ರದೇಶ ಅಕ್ಷದ ಒಂದೇ ಕಡೆ ಇದ್ದಾಗ ಮಾತ್ರ. ನಮ್ಮ ಲೆಕ್ಕಕ್ಕೆ k ಬೆಲೆ 2 ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಮೈನಸ್ ಅಳಿಸುವ ಅಪಾಯ ಇಲ್ಲೇ ಕಾಣುತ್ತದೆ. k = 1/2 ಹಾಕಿದರೆ −4π/3 ಬರುತ್ತದೆ. ಮೈನಸ್ ತೆಗೆದರೆ 4π/3, ಸುಮಾರು 4.19. ಆದರೆ ಅಕ್ಷದ ಬಲಗಡೆಯ ತುಂಡೊಂದನ್ನೇ ತಿರುಗಿಸಿದರೂ 45π/32, ಸುಮಾರು 4.42 ಬರುತ್ತದೆ. ಪೂರ್ತಿ ಘನ ಅದರ ಒಂದು ತುಂಡಿಗಿಂತ ಚಿಕ್ಕದಾಗಲು ಸಾಧ್ಯವಿಲ್ಲ.

ಸರಿಯಾದ ದಾರಿ ಯಾವುದು? ಕಾಗದವನ್ನು ಅಕ್ಷದ ಮೇಲೆ ಮಡಿಸಿದಂತೆ ಯೋಚಿಸಿ. ಎಡ ತುಂಡು ಬಲ ತುಂಡಿನ ಮೇಲೆ ಬಂದು ಬೀಳುತ್ತದೆ. ತಿರುಗುವಾಗ ಎರಡೂ ತುಂಡು ತುಂಬುವ ಜಾಗವನ್ನು ಒಂದೇ ಸಲ ಎಣಿಸಬೇಕು. x = 1 ಅಕ್ಷಕ್ಕೆ ಮಾಡಿ ನೋಡೋಣ. ಅಕ್ಷದಿಂದ ದೂರ t ಅಂತಿಟ್ಟುಕೊಳ್ಳಿ. ಎಡಗಡೆಯ ಪಟ್ಟಿ (1 − t)² ನಿಂದ 2(1 − t) ವರೆಗೆ, ಬಲಗಡೆಯದು (1 + t)² ನಿಂದ 2(1 + t) ವರೆಗೆ. ಎರಡರ ಉದ್ದವೂ 1 − t². ಉದ್ದ ಒಂದೇ ಆದರೂ ನಿಂತ ಎತ್ತರ ಬೇರೆ. ಸುಮ್ನೆ ಎರಡನ್ನೂ ಕೂಡಿದರೆ π ಬರುತ್ತದೆ, ಸುಮಾರು 3.14. ಆದರೆ ಅಕ್ಷದ ಹತ್ತಿರ ಎರಡು ಪಟ್ಟಿಗಳೂ ಒಂದರ ಮೇಲೊಂದು ಬೀಳುತ್ತವೆ. ಎಲ್ಲಿಯವರೆಗೆ ಅಂದರೆ 2(1 − t) ಬೆಲೆ (1 + t)² ಗಿಂತ ಹೆಚ್ಚಿರುವವರೆಗೆ, ಅಂದರೆ t ಬೆಲೆ √5 − 2 ಆಗುವವರೆಗೆ, ಸುಮಾರು 0.236. ಅಲ್ಲಿಯವರೆಗೆ ಎರಡೂ ಸೇರಿದ ಪಟ್ಟಿಯ ಉದ್ದ 2(1 + t) − (1 − t)², ಅಂದರೆ 1 + 4t − t². ಅದರಾಚೆ ಎರಡೂ ಬೇರೆ ಬೇರೆ, ಉದ್ದ 2(1 − t²).

```
a = √5 − 2
V = 2π [ ∫₀ᵃ t(1 + 4t − t²) dt + ∫ₐ¹ 2t(1 − t²) dt ] ≈ 3.08
```

ಎರಡು ಸಲ ಎಣಿಕೆಯಾಗಿದ್ದ 0.06 ರಷ್ಟು ಜಾಗ ಈಗ ಒಂದೇ ಸಲ ಸೇರಿದೆ. ಇಂಥ ಪ್ರಶ್ನೆಯಲ್ಲಿ ಪಾಪಸ್ ಪರೀಕ್ಷೆಯೂ ನೆರವಿಗೆ ಬರುವುದಿಲ್ಲ, ಅದಕ್ಕೂ ಪ್ರದೇಶ ಒಂದೇ ಕಡೆ ಇರಬೇಕು. ಹಾಗಾಗಿ ಯಾವ ಸೂತ್ರ ಬರೆಯುವ ಮುಂಚೆಯೂ ಅಕ್ಷವನ್ನು ಚಿತ್ರದಲ್ಲಿ ಎಳೆದು, ಅದು ಪ್ರದೇಶವನ್ನು ಕತ್ತರಿಸುತ್ತದಾ ಅಂತ ಮೊದಲು ನೋಡಿಕೊಳ್ಳಿ.